ಬಿಪಿ ಮಾತ್ರೆಗೆ ಆಗದಿರುವುದು ದ್ರಾಕ್ಷಿ ಅಲ್ಲ, ಗ್ರೇಪ್‌ಫ್ರೂಟ್!

‘ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳೋರು ದ್ರಾಕ್ಷಿ ರಸ ಕುಡಿಯಬಾರದು’ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಭೀಮಾ ನದಿ ದಾಟಿದರೆ ದ್ರಾಕ್ಷಿ ತೋಟಗಳೇ ಇರುವ ನಮ್ಮ ಕರಜಗಿಯಂಥ ಊರಲ್ಲಿ ಇದನ್ನು ಓದಿದವರು ಗಾಬರಿಯಾಗುವುದು ಸಹಜ. ಆದರೆ ಇಲ್ಲಿ ತಪ್ಪಾಗಿರುವುದು ಅನುವಾದ. ಗ್ರೇಪ್‌ಫ್ರೂಟ್ ಅಂದರೆ ದ್ರಾಕ್ಷಿ ಅಲ್ಲ. ಅದು ಕಿತ್ತಳೆ ಜಾತಿಯ, ಸ್ವಲ್ಪ ಕಹಿಯಾದ ದೊಡ್ಡ ಹಣ್ಣು. ನಮ್ಮ ಚಕ್ಕೋತದ ಹತ್ತಿರದ ಸಂಬಂಧಿ.

ಹಾಗಾದರೆ ಗ್ರೇಪ್‌ಫ್ರೂಟ್ ವಿಷಯ ನಿಜವೇ? ನಿಜ. ಅದು ಗೊತ್ತಾಗಿದ್ದು ಮಾತ್ರ ಆಕಸ್ಮಿಕವಾಗಿ. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಮದ್ಯದ ಜೊತೆ ಫೆಲೋಡಿಪಿನ್ ಎಂಬ ಬಿಪಿ ಮಾತ್ರೆ ಸೇರಿದರೆ ಏನಾಗುತ್ತದೆ ಎಂದು ನೋಡುತ್ತಿದ್ದರು. ಮದ್ಯದ ರುಚಿ ಮರೆಮಾಚಲು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧದ ಮಟ್ಟ ಎಣಿಸಿದ್ದಕ್ಕಿಂತ ಬಹಳ ಏರಿತ್ತು. ಕಾರಣ ಮದ್ಯವಲ್ಲ, ರಸ! 1989ರಲ್ಲಿ ಈ ವಿಷಯ ಪ್ರಕಟವಾಯಿತು.

ಒಳಗೆ ಆಗುವುದು ಇಷ್ಟು. ನಮ್ಮ ಕರುಳಿನ ಗೋಡೆಯಲ್ಲಿ ಸಿವೈಪಿ3ಎ4 ಎಂಬ ಕಿಣ್ವ ಇದೆ. ಅದು ಊರಬಾಗಿಲ ಕಾವಲುಗಾರನಂತೆ. ನುಂಗಿದ ಔಷಧದ ದೊಡ್ಡ ಪಾಲನ್ನು ರಕ್ತ ಸೇರುವ ಮುನ್ನವೇ ಒಡೆದು ಹಾಕುತ್ತದೆ. ಫೆಲೋಡಿಪಿನ್ 100 ಪಾಲು ನುಂಗಿದರೆ ರಕ್ತಕ್ಕೆ ಸೇರುವುದು ಸುಮಾರು 15 ಪಾಲು ಮಾತ್ರ. ವೈದ್ಯರು ಬರೆಯುವ ಡೋಸ್ ಈ ಸೋರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಿಗದಿಯಾಗಿರುತ್ತದೆ. ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯುರಾನೊಕೌಮರಿನ್‌ಗಳು ಆ ಕಿಣ್ವವನ್ನೇ ಕೆಡಿಸುತ್ತವೆ. ಆಗ 15ರ ಜಾಗದಲ್ಲಿ 40ರ ಆಸುಪಾಸು ಒಳಗೆ ಹೋಗಬಹುದು. ನುಂಗಿದ್ದು ಒಂದೇ ಮಾತ್ರೆ, ಕೆಲಸ ಮಾತ್ರ ಎರಡು-ಮೂರು ಮಾತ್ರೆಯದು. ಬಿಪಿ ತೀರಾ ಇಳಿದು ತಲೆಸುತ್ತು ಬರಬಹುದು.

ಬೆಳಿಗ್ಗೆ ರಸ, ರಾತ್ರಿ ಮಾತ್ರೆ ಎಂದರೆ ಸರಿಹೋಗುತ್ತದಾ? ಇಲ್ಲ. ಕೆಟ್ಟ ಕಿಣ್ವ ರಿಪೇರಿ ಆಗುವುದಿಲ್ಲ, ಕರುಳು ಹೊಸದನ್ನೇ ತಯಾರಿಸಬೇಕು. ಅದಕ್ಕೆ ಒಂದರಿಂದ ಮೂರು ದಿನ ಬೇಕು.

ಎಲ್ಲ ಮಾತ್ರೆಗೂ ಹೀಗಾಗುವುದಿಲ್ಲ, ಫಾರ್ವರ್ಡ್‌ಗಳು ಹೇಳದೆ ಬಿಡುವುದು ಇದನ್ನೇ. ಕೊಲೆಸ್ಟ್ರಾಲ್‌ನ ಸಿಮ್ವಾಸ್ಟಾಟಿನ್ ಮೇಲೆ ಪರಿಣಾಮ ಜೋರು: ದಿನಕ್ಕೊಂದು ಲೋಟದಂತೆ ಮೂರು ದಿನ ರಸ ಕುಡಿದವರ ರಕ್ತದಲ್ಲಿ ಅದರ ಪ್ರಮಾಣ ಮೂರೂವರೆ ಪಟ್ಟು ಏರಿದ್ದು ದಾಖಲಾಗಿದೆ. ಅಟೋರ್ವಾಸ್ಟಾಟಿನ್ ಮೇಲೆ ಅಷ್ಟಿಲ್ಲ. ತುಂಬಾ ಕುಡಿದರೆ ತೊಂದರೆ. ರೋಸುವಾಸ್ಟಾಟಿನ್ ಬೇರೆ ದಾರಿಯಲ್ಲಿ ಹೋಗುವುದರಿಂದ ಅದಕ್ಕೆ ಈ ಗೋಳಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಬಿಪಿಗೆ ಹೆಚ್ಚಾಗಿ ಕೊಡುವ ಆಮ್ಲೋಡಿಪಿನ್ ಮೇಲೂ ಪರಿಣಾಮ ಅತ್ಯಲ್ಪ.

ದ್ರಾಕ್ಷಿಯಲ್ಲಿ ಈ ಫ್ಯುರಾನೊಕೌಮರಿನ್‌ಗಳಿಲ್ಲ. ಮೋಸಂಬಿ, ಸಿಹಿ ಕಿತ್ತಳೆಯೂ ಹೀಗೆ ಮಾಡುವುದಿಲ್ಲ. ಎಚ್ಚರ ಬೇಕಾಗಿರುವುದು ಚಕ್ಕೋತದ ಬಗ್ಗೆ, ಏಕೆಂದರೆ ಅದರಲ್ಲಿ ಇದೇ ಪದಾರ್ಥಗಳಿವೆ. ಬೆಂಗಳೂರಿನಿಂದ ಯಾರಾದರೂ ದೇವನಹಳ್ಳಿ ಚಕ್ಕೋತ ತಂದುಕೊಟ್ಟರೆ, ಮೊದಲು ಮಾತ್ರೆ ಹಾಳೆಯ ಹಿಂದಿರುವ ಹೆಸರು ಓದಿ. ಫೆಲೋಡಿಪಿನ್, ನಿಫೆಡಿಪಿನ್ ಅಥವಾ ಸಿಮ್ವಾಸ್ಟಾಟಿನ್ ಇದ್ದರೆ ಹಣ್ಣನ್ನು ಬಿಡಿ, ಮಾತ್ರೆಯನ್ನಲ್ಲ. ಈಗಾಗಲೇ ತಿಂದಿದ್ದು, ಮೈಕೈ ಸ್ನಾಯುಗಳಲ್ಲಿ ಕಾರಣವಿಲ್ಲದ ನೋವು ಅಥವಾ ಚಹಾ ಬಣ್ಣದ ಮೂತ್ರ ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ.