ಎಲ್‌ಡಿಎಲ್ 205: ಈ ವಯಸ್ಸಿಗೇ ಮಾತ್ರೆಯೇ?

ಮದ್ದೂರಿನಿಂದ ಪತ್ರ ಬರೆದಿರುವ 28ರ ಸಹೋದರರೇ, ನಿಮ್ಮ ತಂದೆಗೆ 45ರಲ್ಲೇ ಹೃದಯಾಘಾತವಾಗಿತ್ತು ಎಂದಿದ್ದೀರಿ. ನಿಮ್ಮ ವರದಿಯಲ್ಲಿ ಒಟ್ಟು ಕೊಲೆಸ್ಟರಾಲ್ 282, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 175. ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ 35. ಅದನ್ನೂ ಎಚ್‌ಡಿಎಲ್ ಅನ್ನೂ ಒಟ್ಟು ಮೊತ್ತದಿಂದ ಕಳೆದರೆ ಎಲ್‌ಡಿಎಲ್ 205. ಮುಖ್ಯವಾಗಿ ನೋಡಬೇಕಾದದ್ದು ಇದನ್ನೇ.

ಇದು 140 ಇದ್ದಿದ್ದರೆ ಊಟ, ನಡಿಗೆಯಿಂದ ಆರಂಭಿಸಿ ಎನ್ನುತ್ತಿದ್ದೆ. 190 ದಾಟಿದಾಗ, ಅದರಲ್ಲೂ ಇಂಥ ಕುಟುಂಬದಲ್ಲಿ, ದೋಷ ರಕ್ತಸಂಬಂಧದಿಂದಲೇ ಬಂದಿರಬಹುದು. ಬರೀ ಬಿರಿಯಾನಿ ಬಿಟ್ಟರೆ ಸಾಲದು. ಮೊದಲು ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ, ಜೊತೆಗೆ ಥೈರಾಯ್ಡನ್ನೂ ನೋಡಿಸಿ. ಥೈರಾಯ್ಡ್ ಕುಗ್ಗಿದರೂ ಎಲ್‌ಡಿಎಲ್ ಏರುತ್ತದೆ. ಅದು ಸರಿಯಿದ್ದು ಎಲ್‌ಡಿಎಲ್ ಹೀಗೇ ಉಳಿದರೆ, ವೈದ್ಯರು ಬರೆಯುವ ಸ್ಟಾಟಿನ್ ಮಾತ್ರೆಯನ್ನು ವಯಸ್ಸು ಚಿಕ್ಕದೆಂದು ಮುಂದೂಡಬೇಡಿ. ಎಲ್‌ಡಿಎಲ್ ಅರ್ಧಕ್ಕಾದರೂ ಇಳಿಯಬೇಕು. ಇಳಿಯಿತೆಂದು ಮಾತ್ರೆ ನಿಲ್ಲಿಸಿದರೆ ಮತ್ತೆ ಏರುತ್ತದೆ. ಒಡಹುಟ್ಟಿದವರಿಗೂ ಈ ಪರೀಕ್ಷೆ ಮಾಡಿಸಿ.