ಎರಡು ಆಂಟೆನಾ, ಎರಡು ಸರದಿ

ಮೊಬೈಲ್ ಟವರ್‌ನಿಂದ ಹೊರಟ ರೇಡಿಯೊ ಅಲೆ ಫೋನಿಗೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಗೋಡೆಗೆ, ನೆಲಕ್ಕೆ, ಹಾದುಹೋಗುವ ಬಸ್ಸಿಗೆ ಬಡಿದು ಹಲವು ದಾರಿಗಳಲ್ಲಿ ಬಂದು ಸೇರುತ್ತದೆ. ಒಂದು ಅಲೆಯ ಏರು ಇನ್ನೊಂದರ ಇಳಿತದ ಮೇಲೆ ಬಿದ್ದ ಜಾಗದಲ್ಲಿ ಸಂಕೇತ ಬಹುಪಾಲು ಅಳಿಸಿಹೋಗುತ್ತದೆ. ಇದೇ ಫೇಡಿಂಗ್. ಒಂದು ಗೇಣು ಆಚೆ ಅದೇ ಸಂಕೇತ ಚೆನ್ನಾಗಿ ಸಿಗಬಹುದು. ಆದ್ದರಿಂದ ಒಂದಕ್ಕೊಂದು ಸಾಕಷ್ಟು ದೂರದಲ್ಲಿರುವ ಎರಡು ಆಂಟೆನಾಗಳಿದ್ದರೆ ಎರಡೂ ದಾರಿಗಳು ಒಟ್ಟಿಗೆ ಕೆಡುವುದು ಅಪರೂಪ. ಈ ಲಾಭಕ್ಕೆ ಡೈವರ್ಸಿಟಿ ಎಂದು ಹೆಸರು.

ಸಂಕೇತ ಪಡೆಯುವ ಕಡೆ ಎರಡು ಆಂಟೆನಾ ಇದ್ದರೆ ಕೆಲಸ ಸುಲಭ: ಬಂದ ಎರಡು ಸಂಕೇತಗಳನ್ನೂ ಅಳೆದು, ಹೊಂದಿಸಿ, ಕೂಡಿದರಾಯಿತು. ಆದರೆ ಚಿಕ್ಕ ಫೋನಿನಲ್ಲಿ ಜಾಗ ಕಡಿಮೆ, ಟವರ್‌ನಲ್ಲಿ ಜಾಗ ಧಾರಾಳ. ಹಾಗೆಂದು ಟವರ್‌ನ ಎರಡು ಆಂಟೆನಾಗಳಿಂದ ಒಂದೇ ಸಂಕೇತವನ್ನು ಒಟ್ಟಿಗೆ ಕಳಿಸಿದರೆ ಅವು ಗಾಳಿಯಲ್ಲೇ ಬೆರೆತುಹೋಗುತ್ತವೆ. ಮೊದಲ ದಾರಿ ಸಂಕೇತವನ್ನು 0.8ರಿಂದಲೂ ಎರಡನೆಯದು −0.6ರಿಂದಲೂ ಗುಣಿಸುತ್ತದೆ ಎಂದಿಟ್ಟುಕೊಂಡರೆ ಫೋನಿಗೆ ಉಳಿಯುವುದು 0.2 ಮಾತ್ರ. ಎರಡು ಒಳ್ಳೆಯ ದಾರಿಗಳು ಕೂಡಿ ಒಂದು ಕೆಟ್ಟ ದಾರಿಯಾದಂತೆ. ಈ ಗುಣಕಗಳು ಟವರ್‌ಗೆ ಮೊದಲೇ ತಿಳಿದಿದ್ದರೆ ಎರಡನೆಯ ಸಂಕೇತವನ್ನು ತಿರುಗಿಸಿ ಕಳಿಸಬಹುದಿತ್ತು. ಆದರೆ ಅವುಗಳನ್ನು ಫೋನು ಅಳೆದು ವರದಿ ಮಾಡಬೇಕು. ಫೋನು ಚಲಿಸುತ್ತಿದ್ದರೆ ವರದಿ ತಲುಪುವಷ್ಟರಲ್ಲಿ ದಾರಿಯೇ ಬದಲಾಗಿರುತ್ತದೆ.

ಸಿಯಾವಶ್ ಅಲಮೌಟಿ 1998ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಪ್ರಬಂಧ ಈ ವರದಿಯ ಅಗತ್ಯವನ್ನೇ ತೆಗೆದುಹಾಕಿತು. ಅವರ ವಿಧಾನದಲ್ಲಿ s1, s2 ಎಂಬ ಎರಡು ಸಂಕೇತಗಳನ್ನು ಎರಡು ಸರದಿಗಳಲ್ಲಿ ಕಳಿಸಲಾಗುತ್ತದೆ. ಮೊದಲ ಸರದಿಯಲ್ಲಿ ಮೊದಲ ಆಂಟೆನಾ s1 ಅನ್ನೂ ಎರಡನೆಯದು s2 ಅನ್ನೂ ಕಳಿಸುತ್ತವೆ. ಎರಡನೆಯ ಸರದಿಯಲ್ಲಿ ಜಾಗ ಅದಲುಬದಲಾಗಿ, ಮೊದಲನೆಯದು −s2* ಅನ್ನೂ ಎರಡನೆಯದು s1* ಅನ್ನೂ ಕಳಿಸುತ್ತವೆ. ನಕ್ಷತ್ರ ಚಿಹ್ನೆ ಸಂಮಿಶ್ರ ಸಂಖ್ಯೆಯ ಕಾಲ್ಪನಿಕ ಭಾಗದ ಚಿಹ್ನೆ ಬದಲಾಗಿದೆ ಎಂಬುದನ್ನು ಸೂಚಿಸುತ್ತದೆ. ದಾರಿಗಳ ಗುಣಕಗಳು h1, h2 ಆದರೆ ಫೋನಿಗೆ ಬರುವುದು, ಗದ್ದಲವನ್ನು ಬಿಟ್ಟು, ಹೀಗಿರುತ್ತದೆ:

```
r1 =  h1·s1  + h2·s2
r2 = -h1·s2* + h2·s1*
```

ಫೋನು ಮಾಡುವ ಲೆಕ್ಕ ಇದು:

```
y1 = h1*·r1 + h2·r2*
y2 = h2*·r1 - h1·r2*
```

ಮೇಲಿನ ಗುಣಕಗಳನ್ನೇ ಇಟ್ಟುಕೊಂಡು s1 = 1, s2 = −1 ಎಂದು ಕಳಿಸಿದರೆ r1 = 0.8 + 0.6 = 1.4; r2 = 0.8 − 0.6 = 0.2. ಆಗ y1 = 1.12 − 0.12 = 1, y2 = −0.84 − 0.16 = −1. ಕಳಿಸಿದ್ದೇ ಕೈಗೆ ಬಂತು. y1ರ ಲೆಕ್ಕದಲ್ಲಿ s2 ಇರುವ ಪದಗಳು ಒಂದು ಸಲ ಕೂಡಿ, ಇನ್ನೊಂದು ಸಲ ಕಳೆದು ಮಾಯವಾಗುತ್ತವೆ. y2ರಲ್ಲಿ s1ಕ್ಕೂ ಅದೇ ಗತಿ. ಉಳಿಯುವ ಬಲ |h1|² + |h2|², ಇಲ್ಲಿ 0.64 + 0.36. ವರ್ಗಗಳು ಋಣವಾಗುವುದಿಲ್ಲವಾದ್ದರಿಂದ ಒಂದು ದಾರಿ ಇನ್ನೊಂದನ್ನು ಅಳಿಸಲಾರದು. ಎರಡೂ ಸೊನ್ನೆಗೆ ಇಳಿದರೆ ಮಾತ್ರ ಸಂಕೇತ ಕೆಡುತ್ತದೆ. ಸಂಕೇತದ ಬಲ ಹತ್ತು ಪಟ್ಟಾದಾಗ ಒಂಟಿ ಆಂಟೆನಾದಲ್ಲಿ ತಪ್ಪುಗಳು ಸುಮಾರು ಹತ್ತನೇ ಒಂದಕ್ಕೆ ಇಳಿದರೆ, ಇಲ್ಲಿ ಸುಮಾರು ನೂರನೇ ಒಂದಕ್ಕೆ ಇಳಿಯುತ್ತವೆ. ಎರಡು ಸರದಿಯಲ್ಲಿ ಎರಡು ಸಂಕೇತ ಹೋಗುವುದರಿಂದ ವೇಗಕ್ಕೂ ನಷ್ಟವಿಲ್ಲ.

ನಷ್ಟ ಇರುವುದು ಬಲದಲ್ಲಿ. ಟವರ್ ತನ್ನ ಒಟ್ಟು ಶಕ್ತಿಯನ್ನು ಎರಡು ಆಂಟೆನಾಗಳಿಗೆ ಸಮನಾಗಿ ಹಂಚಬೇಕು. ಹಾಗಾಗಿ, ಒಂದೇ ಆಂಟೆನಾದಿಂದ ಕಳಿಸಿ ಎರಡರಿಂದ ಪಡೆಯುವ ಏರ್ಪಾಡಿಗೆ ಹೋಲಿಸಿದರೆ ಇದು 3 ಡೆಸಿಬೆಲ್ ಹಿಂದೆ. ದಾರಿ ತಿಳಿದು ಕಳಿಸುವ ಟವರ್‌ಗೆ ಹೋಲಿಸಿದರೂ ಹಿಂದುಳಿಯುವುದು ಅಷ್ಟೇ. ದಾರಿಯನ್ನು ತಿಳಿಯದೆ ಕಳಿಸುವುದಕ್ಕೆ ತೆರುವ ಬೆಲೆ ಇದು.

ಟವರ್‌ಗೆ ಗುಣಕಗಳು ಬೇಡವಾದರೂ ಫೋನಿಗೆ ಬೇಕೇ ಬೇಕು. ಅದಕ್ಕಾಗಿ ಎರಡು ಆಂಟೆನಾಗಳೂ ಒಂದಕ್ಕೊಂದು ಬೆರೆಯದ ಪೈಲಟ್ ಸಂಕೇತಗಳನ್ನು ನಡುನಡುವೆ ಕಳಿಸುತ್ತವೆ. ಜೊತೆಗೆ, ಎರಡು ಸರದಿಗಳ ಮಟ್ಟಿಗಾದರೂ ಗುಣಕಗಳು ಸ್ಥಿರವಾಗಿರಬೇಕು. ಮೇಲಿನ ಉದಾಹರಣೆಯಲ್ಲಿ ಎರಡನೆಯ ಸರದಿಗೆ h1 0.8ರಿಂದ 0.4ಕ್ಕೆ ಇಳಿದು, ಫೋನು ಹಳೆಯ ಬೆಲೆಯನ್ನೇ ನಂಬಿದರೆ r2 −0.2 ಆಗುತ್ತದೆ, ಉತ್ತರ 1.24 ಮತ್ತು −0.68 ಎಂದು ಬರುತ್ತದೆ. y1ರೊಳಗೆ s2 ನುಸುಳಿದೆ, y2 ಸೊರಗಿದೆ. ಈ ದೋಷದ ಗುರುತು ಸ್ಪಷ್ಟ: ಟವರ್‌ನ ಶಕ್ತಿ ಹೆಚ್ಚಿಸಿದರೂ ತಪ್ಪಿನ ಪ್ರಮಾಣ ಒಂದು ಮಟ್ಟಕ್ಕಿಂತ ಕೆಳಗಿಳಿಯುವುದಿಲ್ಲ, ಏಕೆಂದರೆ ಸಂಕೇತದ ಜೊತೆಗೆ ನುಸುಳಿದ ಭಾಗವೂ ಬೆಳೆಯುತ್ತದೆ. ಗದ್ದಲದಿಂದಾದ ತಪ್ಪಾಗಿದ್ದರೆ ಶಕ್ತಿ ಏರಿದಂತೆ ಕಡಿಮೆಯಾಗುತ್ತಿತ್ತು.

4ಜಿ ಜಾಲಗಳ ಎಲ್‌ಟಿಇ ತಂತ್ರಜ್ಞಾನ ಇದೇ ಜೋಡಣೆಯನ್ನು ಎರಡು ಸರದಿಗಳ ಬದಲು ಅಕ್ಕಪಕ್ಕದ ಎರಡು ಉಪವಾಹಕಗಳ ಮೇಲೆ ಹರಡಿತು. ಅವುಗಳ ನಡುವಿನ ಅಂತರ 15 ಕಿಲೋಹರ್ಟ್ಸ್ ಮಾತ್ರ. ಅಷ್ಟರಲ್ಲಿ ಗುಣಕಗಳು ಸಾಮಾನ್ಯವಾಗಿ ಹೆಚ್ಚು ಬದಲಾಗುವುದಿಲ್ಲ. ಆಂಟೆನಾಗಳು ಎರಡಕ್ಕಿಂತ ಹೆಚ್ಚಾದಾಗ ಮಾತ್ರ ಗಣಿತವೇ ಅಡ್ಡ ನಿಲ್ಲುತ್ತದೆ: ಸಂಮಿಶ್ರ ಸಂಕೇತಗಳಿಗೆ ಇಷ್ಟೇ ಸರಳವಾಗಿ ಬಿಡಿಸಬಲ್ಲ, ವೇಗವನ್ನೂ ಕಳೆಯದ ಜೋಡಣೆ ಎರಡು ಆಂಟೆನಾಗಳಿಗಷ್ಟೇ ಇದೆ. ಆದ್ದರಿಂದ ನಾಲ್ಕು ಆಂಟೆನಾಗಳಿರುವಾಗ ಎಲ್‌ಟಿಇ ಅವುಗಳನ್ನು ಎರಡು ಜೋಡಿಗಳಾಗಿ ಒಡೆದು, ಒಂದೊಂದು ಜೋಡಿಗೂ ಬೇರೆ ಬೇರೆ ಉಪವಾಹಕಗಳಲ್ಲಿ ಅಲಮೌಟಿಯ ಅದಲುಬದಲನ್ನೇ ನಡೆಸುತ್ತದೆ.