ಬಿಡುವಿನ ದುಡಿಮೆಗೆ ಎರಡು ಅನುಮತಿ

2022ರಲ್ಲಿ ವಿಪ್ರೊ ಸಂಸ್ಥೆ ಗುಟ್ಟಾಗಿ ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದಾಗ ಬೆಂಗಳೂರಿನಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ಇಲ್ಲಿ ಅದು ಮಾಲೀಕ ಮತ್ತು ನೌಕರರ ನಡುವಿನ ವ್ಯಾಜ್ಯ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವ ನಮ್ಮ ಹುಡುಗರ ಪಾಲಿಗೆ ಅಲ್ಲಿನ ಸರ್ಕಾರವೂ ಈ ವ್ಯಾಜ್ಯದಲ್ಲಿ ಕಕ್ಷಿದಾರ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಮೈಸೂರಿನ ಎಂಜಿನಿಯರೊಬ್ಬ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಸ್ಥಳೀಯ ಅಂಗಡಿಯೊಂದರ ಜಾಲತಾಣವನ್ನು ವಾರಾಂತ್ಯದಲ್ಲಿ ನೋಡಿಕೊಂಡರೆ ತಿಂಗಳಿಗೆ 500 ಡಾಲರ್ ಸಿಗುತ್ತದೆ. ಆತ ಮೊದಲು ತೆಗೆದು ನೋಡಬೇಕಾದದ್ದು ಐ-797 ಎಂಬ ಮಂಜೂರಾತಿ ಪತ್ರವನ್ನು. ಅದರಲ್ಲಿ ಅರ್ಜಿದಾರನೆಂದು ನಮೂದಾಗಿರುವುದು ಆತನ ಕಂಪನಿಯ ಹೆಸರು. ದುಡಿಯುವ ಅನುಮತಿ ಆ ಕಂಪನಿಗಷ್ಟೇ ಸೀಮಿತ. ಅಂಗಡಿಯವರು ತಮ್ಮ ಹೆಸರಿನಲ್ಲಿ ಪ್ರತ್ಯೇಕ ಎಚ್-1ಬಿ ಅರ್ಜಿ ಸಲ್ಲಿಸದೆ ಅಲ್ಲಿ ಕೆಲಸ ಮಾಡುವಂತಿಲ್ಲ. ಬ್ಯಾಂಕ್ ಬಡ್ಡಿ, ಷೇರು ಲಾಭಾಂಶಗಳಿಗೆ ಅಡ್ಡಿಯಿಲ್ಲ, ಏಕೆಂದರೆ ಅವು ದುಡಿಮೆಯಲ್ಲ.

ಹಲವರು ಎಡವುವುದು ಇಲ್ಲೇ. ನೇಮಕಾತಿ ಒಪ್ಪಂದದಲ್ಲಿ ಹೊರಗಿನ ಕೆಲಸಕ್ಕೆ ನಿಷೇಧವಿಲ್ಲದಿದ್ದರೆ, ಅಥವಾ ಮೇಲಧಿಕಾರಿ ಲಿಖಿತವಾಗಿಯೇ ಒಪ್ಪಿದರೆ, ದಾರಿ ಸುಗಮವಾಯಿತೆಂದು ಅವರು ಭಾವಿಸುತ್ತಾರೆ. ವಲಸೆ ಕಾನೂನು ನಿರಾಕರಿಸಿದ್ದನ್ನು ಕೊಡುವ ಅಧಿಕಾರ ಯಾವ ಮೇಲಧಿಕಾರಿಗೂ ಇಲ್ಲ. ಇದಕ್ಕೆ ವ್ಯತಿರಿಕ್ತವಾದದ್ದೂ ನಿಜ: ವೀಸಾ ಅಡ್ಡಿಪಡಿಸದಿದ್ದರೂ ಒಪ್ಪಂದ ತಡೆಯಬಹುದು. ಹೊರ ಉದ್ಯೋಗ ಮತ್ತು ಬೌದ್ಧಿಕ ಸ್ವತ್ತಿನ ಷರತ್ತುಗಳನ್ನು ಓದಿಯೇ ಮುಂದುವರಿಯಬೇಕು.

ತೆರಿಗೆ ಕಟ್ಟಿದರೆ ಎಲ್ಲವೂ ಸಕ್ರಮ ಎಂಬುದು ಇನ್ನೊಂದು ಭ್ರಮೆ. ಸ್ವಂತ ದುಡಿಮೆಯ ನಿವ್ವಳ ಆದಾಯ ವರ್ಷಕ್ಕೆ 400 ಡಾಲರ್ ಮುಟ್ಟಿದರೆ ಅದನ್ನು ಘೋಷಿಸಿ ಸ್ವಉದ್ಯೋಗ ತೆರಿಗೆಯ ಲೆಕ್ಕ ಒಪ್ಪಿಸಲೇಬೇಕು. ಆದರೆ ಆ ತೆರಿಗೆ ಪತ್ರದ 'ಶೆಡ್ಯೂಲ್ ಸಿ' ಅನುಬಂಧವೇ ಅನಧಿಕೃತ ದುಡಿಮೆಗೆ ಸಾಕ್ಷಿಯಾಗುತ್ತದೆ. ಬಚ್ಚಿಟ್ಟರೆ ತೆರಿಗೆ ವಂಚನೆ, ತೋರಿಸಿದರೆ ವೀಸಾ ಉಲ್ಲಂಘನೆ! ಪೆಟ್ಟು ಬೀಳುವುದು ವರ್ಷಗಳ ನಂತರ, ಗ್ರೀನ್ ಕಾರ್ಡ್ ಅರ್ಜಿಯ ವೇಳೆಗೆ. ಉದ್ಯೋಗಾಧಾರಿತ ಅರ್ಜಿದಾರರಿಗೆ, ಕೊನೆಯ ಬಾರಿ ಕಾನೂನುಬದ್ಧವಾಗಿ ದೇಶ ಪ್ರವೇಶಿಸಿದ ನಂತರದ ಇಂಥ ಲೋಪಗಳು ಒಟ್ಟು 180 ದಿನ ಮೀರದಿದ್ದರೆ ಕಾನೂನು ವಿನಾಯಿತಿ ನೀಡುತ್ತದೆ. ಎರಡೇ ಗಂಟೆ ದುಡಿದರೂ ಅದು ಪೂರ್ತಿ ದಿನದ ಲೆಕ್ಕಕ್ಕೆ ಸೇರುತ್ತದೆ.

ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರ ಪತಿ ಅಥವಾ ಪತ್ನಿ, ಎಚ್-4 ವೀಸಾದಲ್ಲಿದ್ದರೆ, ಉದ್ಯೋಗ ಪರವಾನಗಿ ಪಡೆಯಬಹುದು. 2015ರಿಂದ ಈ ಅವಕಾಶವಿದೆ. ಆ ಪರವಾನಗಿ ಯಾವ ಮಾಲೀಕನಿಗೂ ಕಟ್ಟುಬಿದ್ದಿಲ್ಲವಾದ್ದರಿಂದ ಸ್ವಂತ ಉದ್ಯೋಗಕ್ಕೂ ಸಲ್ಲುತ್ತದೆ. ಅಂಗಡಿಯ ಕೆಲಸವನ್ನು ಪತ್ನಿಯೇ ಮಾಡಿದರೆ ತಕರಾರಿಲ್ಲ. ಕೆಲಸ ಗಂಡನದು, ಬಿಲ್ಲು ಮಾತ್ರ ಹೆಂಡತಿಯ ಹೆಸರಿನಲ್ಲಿ ಎಂಬ ಜಾಣತನಕ್ಕೆ ಆ ಪರವಾನಗಿಯಲ್ಲಿ ಜಾಗವಿಲ್ಲ.